ನಿವೃತ್ತರಾಗುವ ಅಕ್ಕೋರಿಗೆ ಎರಡು ನಿಮಿಷದ ಬೀಳ್ಕೊಡುಗೆ ಭಾಷಣ: ಕರಡಿನಿಂದ ಮೈಕಿನವರೆಗೆ

ಹಾವೇರಿ, ಗದಗ ಕಡೆಯ ಸರ್ಕಾರಿ ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭ ಅಂದರೆ ಮಾತನಾಡುವವರು ಜಾಸ್ತಿ, ಸಮಯ ಕಡಿಮೆ. ಎಸ್‌ಡಿಎಂಸಿ ಅಧ್ಯಕ್ಷರು, ಸಿಆರ್‌ಪಿ, ಮುಖ್ಯೋಪಾಧ್ಯಾಯರು, ಸಹಶಿಕ್ಷಕರು, ಎಲ್ಲರೂ ಮಾತನಾಡಿದ ಮೇಲೆ "ಹಳೆಯ ವಿದ್ಯಾರ್ಥಿಗಳ ಪರವಾಗಿ ಒಬ್ಬರು" ಅಂತ ನಿಮ್ಮನ್ನು ಕರೆಯುತ್ತಾರೆ. ಆಗ ನಿಮಗೆ ಸಿಗುವುದು ಎರಡು ನಿಮಿಷ, ಹೆಚ್ಚೆಂದರೆ ಮೂರು. ಆ ಎರಡು ನಿಮಿಷದ ಮಾತನ್ನು ಹೇಗೆ ಬರೆಯಬೇಕು, ಬರೆದದ್ದನ್ನು ಲಯ ಮತ್ತು ವ್ಯಾಕರಣ ನೋಡಿ ಹೇಗೆ ಬಿಗಿ ಮಾಡಬೇಕು ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಉದಾಹರಣೆ ಹೀಗೆ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ 22 ವರ್ಷ ಕಲಿಸಿದ ಅಕ್ಕೋರು ನಿವೃತ್ತರಾಗುತ್ತಿದ್ದಾರೆ. ಮಾತನಾಡುವವರು ಅವರ ಹತ್ತಿರವೇ ಅಕ್ಷರ ಕಲಿತ ಹಳೆಯ ವಿದ್ಯಾರ್ಥಿ.

ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ

ಪೆನ್ನು ಹಿಡಿಯುವ ಮೊದಲು ಇಬ್ಬರು ಮೂವರ ಹತ್ತಿರ ಹೋಗಿ. ನಿಮ್ಮ ಜೊತೆ ಓದಿದ ಒಬ್ಬರು, ಅಕ್ಕೋರ ಜೊತೆ ಕೆಲಸ ಮಾಡಿದ ಒಬ್ಬ ಶಿಕ್ಷಕರು, ಬಿಸಿಯೂಟದ ಅಡುಗೆಯವರು. "ಅಕ್ಕೋರು ಹೇಗಿದ್ದರು?" ಅಂತ ಕೇಳಬೇಡಿ. ಹಾಗೆ ಕೇಳಿದರೆ "ಭಾಳ ಚಲೋ ಇದ್ರು, ಶಿಸ್ತು ಇತ್ತು" ಅನ್ನುತ್ತಾರೆ. ಅದರಿಂದ ಭಾಷಣಕ್ಕೆ ಏನೂ ಸಿಗುವುದಿಲ್ಲ. "ಅಕ್ಕೋರು ಏನು ಅಂತಿದ್ದರು? ಒಂದು ದಿನ ಏನು ಮಾಡಿದರು?" ಅಂತ ಕೇಳಿ. ಆಗ ಅವರ ಬಾಯಿಯ ಮಾತು ಸಿಗುತ್ತದೆ, ನಡೆದ ಸಂಗತಿ ಸಿಗುತ್ತದೆ. ಎರಡು ನಿಮಿಷಕ್ಕೆ ಒಂದು ಮಾತು, ಎರಡು ಸಂಗತಿ ಸಾಕು.

ಇಸವಿ ಮತ್ತು ವರ್ಷಗಳ ಲೆಕ್ಕವನ್ನು ಮಾತ್ರ ನೆನಪಿನಿಂದ ಬರೆಯಬೇಡಿ. ಯಾವ ವರ್ಷ ಈ ಶಾಲೆಗೆ ಬಂದರು, ಒಟ್ಟು ಸೇವೆ ಎಷ್ಟು ವರ್ಷ ಅನ್ನುವುದು ಸೇವಾ ಪುಸ್ತಕದಲ್ಲಿ ಇರುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿದರೆ ಹೇಳುತ್ತಾರೆ. ನೀವು 22 ಅಂದು, ನಿಮ್ಮ ಹಿಂದಿನವರು 24 ಅಂದಿದ್ದರೆ ಕೂತವರು ಆ ಲೆಕ್ಕದಲ್ಲೇ ಉಳಿಯುತ್ತಾರೆ.

ಕಾರ್ಯಕ್ರಮದ ತಾರೀಖನ್ನೂ ಕೇಳಿಕೊಳ್ಳಿ. ರಾಜ್ಯ ಸರ್ಕಾರಿ ಶಿಕ್ಷಕರಿಗೆ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಹುಟ್ಟಿದ ದಿನ ಒಂದನೇ ತಾರೀಖು ಇದ್ದರೆ ಹಿಂದಿನ ತಿಂಗಳ ಕೊನೆಯ ದಿನ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತ ಬರೆಸಿಕೊಂಡವರು ನಮ್ಮ ಕಡೆ ಬಹಳ, ಅಲ್ವಾ? ಅವರೆಲ್ಲ ಮೇ 31ಕ್ಕೆ ನಿವೃತ್ತರಾಗುತ್ತಾರೆ. ಆಗ ಬೇಸಿಗೆ ರಜೆ ಮುಗಿಯುವ ಹೊತ್ತು. ಹಾಗಾಗಿ ಸಮಾರಂಭ ಎಷ್ಟೋ ಸಲ ಶಾಲೆ ಶುರುವಾದ ಮೇಲೆ, ಜೂನ್‌ನಲ್ಲಿ ನಡೆಯುತ್ತದೆ. ಅಷ್ಟು ಹೊತ್ತಿಗೆ ಅಕ್ಕೋರು ನಿವೃತ್ತರಾಗಿ ಆಗಿರುತ್ತದೆ. ಆಗ "ಇಂದು ನಿವೃತ್ತರಾಗುತ್ತಿದ್ದಾರೆ" ಅಂದರೆ ತಪ್ಪು. "ನಾಳೆಯಿಂದ ಶಾಲೆಗೆ ಬರುವುದಿಲ್ಲ" ಅಂದರೂ ತಪ್ಪು. ನಮ್ಮ ಉದಾಹರಣೆಯಲ್ಲಿ ಸಮಾರಂಭ ನಿವೃತ್ತಿಯ ದಿನವೇ ಇದೆ ಅಂದುಕೊಳ್ಳೋಣ.

ಸಾಮಾನ್ಯವಾಗಿ ಬರುವ ಕರಡು

ಹಲವರು ಬರೆದು ತರುವ ಭಾಷಣ ಹೆಚ್ಚು ಕಡಿಮೆ ಹೀಗಿರುತ್ತದೆ:

> ವೇದಿಕೆಯ ಮೇಲೆ ಆಸೀನರಾಗಿರುವಂತಹ ಎಲ್ಲಾ ಗಣ್ಯಮಾನ್ಯರಿಗೂ ಹಾಗೂ ನೆರೆದಿರುವಂತಹ ಸಮಸ್ತ ಬಂಧುಗಳಿಗೂ ನನ್ನ ನಮಸ್ಕಾರಗಳು. ನಮ್ಮ ಶಾಲೆಯಲ್ಲಿ 22 ವರ್ಷಗಳಿಂದ ನಿರಂತರವಾಗಿ ಸೇವೆಯನ್ನು ಸಲ್ಲಿಸಿ ಇಂದು ವಯೋನಿವೃತ್ತಿಯನ್ನು ಹೊಂದುತ್ತಿರುವಂತಹ ನಮ್ಮ ನೆಚ್ಚಿನ ಶಿಕ್ಷಕಿಯಾದಂತಹ ಅಕ್ಕೋರು ರವರ ಬಗ್ಗೆ ಎರಡು ಮಾತುಗಳನ್ನು ಹೇಳಲು ಇಷ್ಟಪಡುತ್ತೇನೆ. ಅವರು ಪ್ರತಿಯೊಬ್ಬ ವಿದ್ಯಾರ್ಥಿಗಳನ್ನು ತಮ್ಮ ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ಅಕ್ಕೋರು ಬೋರ್ಡಿನ ಮೇಲೆ ಬರೆದು ನಾವು ಪಾಟಿಯ ಮೇಲೆ ತಿದ್ದುತ್ತಿದ್ದೆವು. ಅವರು ಸಮಯಪಾಲನೆ ಮಾಡುತ್ತಿದ್ದರು. ಅವರು ಬಡ ಮಕ್ಕಳಿಗೆ ಸಹಾಯ ಮಾಡುತ್ತಿದ್ದರು. ನೀವು ಕಲಿಸಿದ ಪಾಠಗಳು ಇಂದಿಗೂ ನೆನಪಿದೆ. ತಾವು ಮಾಡಿದ ಸೇವೆ ಚಿರಸ್ಮರಣೀಯವಾದದ್ದು. ತಮ್ಮ ನಿವೃತ್ತಿ ಜೀವನ ಸುಖಕರವಾಗಿರಲಿ, ಆಯುರಾರೋಗ್ಯ ದಯಪಾಲಿಸಲೆಂದು ಭಗವಂತನಲ್ಲಿ ಪ್ರಾರ್ಥಿಸುತ್ತಾ ನನ್ನ ಎರಡು ಮಾತುಗಳಿಗೆ ವಿರಾಮ ಹೇಳುತ್ತೇನೆ.

ಇದರಲ್ಲಿ ಪ್ರೀತಿ ಇದೆ. ಆದರೆ ವರ್ಷದ ಲೆಕ್ಕ ಬದಲಿಸಿದರೆ ಈ ಭಾಷಣವನ್ನು ಯಾವ ಶಾಲೆಯಲ್ಲಾದರೂ, ಯಾರ ಬಗ್ಗೆಯಾದರೂ ಓದಬಹುದು. ಅದೊಂದು ತೊಂದರೆ. ಇನ್ನೊಂದು ವಾಕ್ಯಗಳ ತೊಂದರೆ. ಅದನ್ನು ಒಂದೊಂದಾಗಿ ನೋಡೋಣ.

ಮೊದಲು "ಅಂತಹ"ಗಳನ್ನು ತೆಗೆಯಿರಿ

ಕರಡಿನಲ್ಲಿ "ಅಂತಹ" ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಆಸೀನರಾಗಿರುವಂತಹ, ನೆರೆದಿರುವಂತಹ, ಹೊಂದುತ್ತಿರುವಂತಹ, ಶಿಕ್ಷಕಿಯಾದಂತಹ. ಎಲ್ಲವನ್ನೂ ತೆಗೆದರೂ ಅರ್ಥ ಒಂದಿಷ್ಟೂ ಕಡಿಮೆಯಾಗುವುದಿಲ್ಲ. "ನೆರೆದಿರುವ" ಸಾಕು. ವೇದಿಕೆಯ ಮೇಲೆ ಮುಂದಿನ ಪದ ಹೊಳೆಯದಿದ್ದಾಗ ಬಾಯಿಗೆ ಬರುವ ರೂಢಿ ಇದು. ಬರೆದುಕೊಂಡು ಹೋಗುವ ಭಾಷಣಕ್ಕೆ ಇದು ಬೇಕಾಗಿಲ್ಲ. "ಹೇಳಲು ಇಷ್ಟಪಡುತ್ತೇನೆ", "ಈ ಸಂದರ್ಭದಲ್ಲಿ" ಅನ್ನುವುದನ್ನೂ ಹೀಗೆಯೇ ತೆಗೆಯಿರಿ. ಹೇಳಲು ಇಷ್ಟ ಇದ್ದರೆ ನೇರವಾಗಿ ಹೇಳಿಬಿಡಿ.

"ಅಕ್ಕೋರು ರವರ" ಅನ್ನುವುದರಲ್ಲಿ ಗೌರವ ಎರಡು ಸಲ ಬಂದಿದೆ. ಅಕ್ಕೋರು ಅನ್ನುವುದರಲ್ಲೇ ಗೌರವ ಇದೆ. "ಅಕ್ಕೋರ ಬಗ್ಗೆ" ಅಂದರೆ ಸರಿ. ಹೆಸರಿನ ಜೊತೆ ಬರೆಯುವುದಾದರೂ "ರವರು" ಅನ್ನುವ ತುಂಡನ್ನು ಬಿಡಿಸಿ ಬರೆಯಬೇಡಿ, "ಅವರು" ಅಂತ ಪೂರ್ತಿ ಬರೆಯಿರಿ.

ಹೆಸರನ್ನು ಕೊನೆಗೆ ತಳ್ಳುವ ಉದ್ದ ವಾಕ್ಯ

ಕರಡಿನ ಎರಡನೆಯ ವಾಕ್ಯವನ್ನು ಜೋರಾಗಿ ಓದಿ ನೋಡಿ. "ನಮ್ಮ ಶಾಲೆಯಲ್ಲಿ" ಅಂತ ಶುರುವಾಗಿ "ಅಕ್ಕೋರು" ಬರುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಕನ್ನಡದಲ್ಲಿ ವಿಶೇಷಣವೆಲ್ಲ ಹೆಸರಿಗಿಂತ ಮೊದಲು ಬರುತ್ತದೆ, ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಓದುವವರಿಗೆ ಕಷ್ಟವಿಲ್ಲ, ಅವರು ಹಿಂದೆ ಮುಂದೆ ನೋಡಿಕೊಳ್ಳುತ್ತಾರೆ. ಕೇಳುವವರಿಗೆ ಆ ಅನುಕೂಲ ಇಲ್ಲ. ಯಾರ ಬಗ್ಗೆ ಮಾತು, ಏನಾಯಿತು ಅಂತ ಗೊತ್ತಾಗುವವರೆಗೆ ಅವರು ಕಾಯುತ್ತಲೇ ಇರಬೇಕು.

ಹೆಸರನ್ನು ಮುಂದೆ ತನ್ನಿ, ವಾಕ್ಯವನ್ನು ಮುರಿಯಿರಿ: "ಅಕ್ಕೋರು ಈ ಶಾಲೆಗೆ ಬಂದು 22 ವರ್ಷವಾಯಿತು. ಇಂದು ನಿವೃತ್ತರಾಗುತ್ತಿದ್ದಾರೆ." ಅಷ್ಟೇ. ವೇದಿಕೆಯ ಮಾತಿಗೆ ಹತ್ತು ಹನ್ನೆರಡು ಪದ ದಾಟಿದ ವಾಕ್ಯ ಇದ್ದರೆ ಅದನ್ನು ಎರಡು ಮಾಡಬಹುದಾ ಅಂತ ನೋಡಿ. ಹೆಚ್ಚಿನ ಸಲ ಮಾಡಬಹುದು.

ಯಾರು ಮಾಡಿದ್ದು? ಕ್ರಿಯಾಪದ ಹೊಂದುತ್ತದೆಯಾ?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಓದುವಾಗ ಈ ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ. ಸಭೆಯಲ್ಲಿ ಕನ್ನಡ ಕಲಿಸಿದ ಶಿಕ್ಷಕರೇ ಕೂತಿರುತ್ತಾರೆ, ಅವರಿಗೆ ಕೇಳಿಸುತ್ತದೆ.

"ಅಕ್ಕೋರು ಬೋರ್ಡಿನ ಮೇಲೆ ಬರೆದು ನಾವು ಪಾಟಿಯ ಮೇಲೆ ತಿದ್ದುತ್ತಿದ್ದೆವು." ಬರೆದು, ಬಂದು, ಹೋಗಿ ಅನ್ನುವ ರೂಪ ಬಂದರೆ ಸಾಮಾನ್ಯವಾಗಿ ಮುಂದಿನ ಕೆಲಸವನ್ನೂ ಅದೇ ವ್ಯಕ್ತಿ ಮಾಡಿರಬೇಕು. ಇಲ್ಲಿ ಬರೆದವರು ಅಕ್ಕೋರು, ತಿದ್ದಿದವರು ನಾವು. ಹಾಗಾಗಿ ವಾಕ್ಯ ಕುಂಟುತ್ತದೆ. "ಅಕ್ಕೋರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಪಾಟಿಯ ಮೇಲೆ ತಿದ್ದುತ್ತಿದ್ದೆವು" ಅಂದರೆ ಸರಿಯಾಗುತ್ತದೆ. ಎರಡು ಭಾಗ ಸಮನಾಗಿ ನಿಲ್ಲುವುದರಿಂದ ಕೇಳಲೂ ಚೆನ್ನಾಗಿರುತ್ತದೆ.

"ಪ್ರತಿಯೊಬ್ಬ ವಿದ್ಯಾರ್ಥಿಗಳನ್ನು" ತಪ್ಪು. ಪ್ರತಿಯೊಬ್ಬ ಅಂದ ಮೇಲೆ ಒಬ್ಬರೇ: "ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ". ಇಲ್ಲದಿದ್ದರೆ "ಎಲ್ಲ ಮಕ್ಕಳನ್ನೂ" ಅನ್ನಿ, ಅದು ಇನ್ನೂ ಹಗುರ. "ಪಾಠಗಳು ನೆನಪಿದೆ" ಅಲ್ಲ, "ಪಾಠಗಳು ನೆನಪಿವೆ". "ನಾನು ಮತ್ತು ನನ್ನ ಗೆಳೆಯರು ಕಲಿತರು" ಅಂತ ಬರೆದಿದ್ದರೆ "ಕಲಿತೆವು" ಮಾಡಿ, ಯಾಕೆಂದರೆ ಅದರಲ್ಲಿ ನೀವೂ ಇದ್ದೀರಿ.

ಕೊನೆಯ ವಾಕ್ಯದಲ್ಲಿ "ದಯಪಾಲಿಸಲೆಂದು ಭಗವಂತನಲ್ಲಿ ಪ್ರಾರ್ಥಿಸುತ್ತಾ" ಅಂತ ಇದೆ. ಯಾರು ದಯಪಾಲಿಸಬೇಕು? ದೇವರು. ಆದರೆ ಆ ಕ್ರಿಯಾಪದಕ್ಕೆ ಕರ್ತೃ ಇಲ್ಲ, ಅದರ ಹಿಂದೆ ಇರುವುದು "ನಿವೃತ್ತಿ ಜೀವನ". "ದೇವರು ನಿಮಗೆ ಒಳ್ಳೆಯ ಆರೋಗ್ಯ ಕೊಡಲಿ" ಅಂದರೆ ಎಲ್ಲ ಸರಿಹೋಗುತ್ತದೆ. ಹಾರೈಕೆ ಒಂದೇ ಇರಲಿ. ಇರಲಿ, ಬರಲಿ, ಕೊಡಲಿ, ಕಾಪಾಡಲಿ ಅಂತ ಸಾಲಾಗಿ ಬಂದರೆ ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ.

ಅವರು, ನೀವು, ತಾವು

ಕರಡು "ಅವರು" ಅಂತ ಶುರುವಾಗುತ್ತದೆ, ನಡುವೆ "ನೀವು" ಆಗುತ್ತದೆ, ಮುಂದಿನ ವಾಕ್ಯಕ್ಕೆ "ತಾವು" ಆಗುತ್ತದೆ. ಈ ಮಾತು ಸಭೆಗೋ ಅಕ್ಕೋರಿಗೋ ಅನ್ನುವುದೇ ತಿಳಿಯುವುದಿಲ್ಲ.

ನಾನು ಹೇಳುವ ದಾರಿ ಇದು. ಮೊದಲ ಭಾಗವನ್ನು ಸಭೆಯ ಕಡೆ ನೋಡಿ ಹೇಳಿ, ಅಲ್ಲಿ ಅಕ್ಕೋರು "ಅವರು". ಕೊನೆಯ ಭಾಗಕ್ಕೆ ಬಂದಾಗ ಅವರ ಕಡೆ ತಿರುಗಿ "ಅಕ್ಕೋರೇ" ಅಂತ ಕರೆಯಿರಿ. ಅಲ್ಲಿಂದ ಮುಂದೆ ಪೂರ್ತಿ "ನೀವು". ಒಂದೇ ಸಲ ತಿರುಗಬೇಕು, ಮತ್ತೆ ಹಿಂದೆ ಬರಬಾರದು. ಆ ತಿರುವಿನಲ್ಲಿ ಸಭೆ ತಾನಾಗಿ ಸುಮ್ಮನಾಗುತ್ತದೆ, ಧ್ವನಿ ಎತ್ತುವ ಅಗತ್ಯವೇ ಬರುವುದಿಲ್ಲ.

ಗೌರವ ಜಾಸ್ತಿ ಇರಲಿ ಅಂತ ಹಲವರು "ತಾವು" ಬಳಸುತ್ತಾರೆ. ಬಳಸಿದರೆ ತಪ್ಪಲ್ಲ. ಆದರೆ ಎರಡು ಕಡೆ ಎಚ್ಚರ ಬೇಕು. ಒಂದು, ಕ್ರಿಯಾಪದ "ತಾವು ಕಲಿಸಿದಿರಿ" ಅಂತ ಬರಬೇಕು, "ತಾವು ಕಲಿಸಿದರು" ಅಲ್ಲ. ಇನ್ನೊಂದು, "ತಮ್ಮ" ಅನ್ನುವುದಕ್ಕೆ ನಿಮ್ಮ ಅನ್ನುವ ಅರ್ಥವೂ ಇದೆ, ಅವರವರ ಅನ್ನುವ ಅರ್ಥವೂ ಇದೆ. "ಊರಿನವರು ತಮ್ಮ ಮೇಲೆ ನಂಬಿಕೆ ಇಟ್ಟಿದ್ದರು" ಅಂದರೆ ಯಾರ ಮೇಲೆ? ಅಕ್ಕೋರ ಮೇಲೋ, ಊರಿನವರಿಗೆ ತಮ್ಮದೇ ಮೇಲೋ? "ನಿಮ್ಮ ಮೇಲೆ" ಅಂದರೆ ಗೊಂದಲ ಇಲ್ಲ. ಅಕ್ಷರ ಕಲಿಸಿದ ಅಕ್ಕೋರಿಗೆ "ನೀವು" ಅಂದರೆ ಗೌರವ ಕಡಿಮೆಯಾಗುವುದಿಲ್ಲ, ಹತ್ತಿರವಾಗುತ್ತದೆ.

ಗುಣದ ಹೆಸರು ಬೇಡ, ನಡೆದದ್ದು ಹೇಳಿ

"ಸಮಯಪಾಲನೆ ಮಾಡುತ್ತಿದ್ದರು" ಅನ್ನುವ ವಾಕ್ಯ ಯಾರ ಕಣ್ಣಿಗೂ ಕಟ್ಟುವುದಿಲ್ಲ. ಗೆಳೆಯರನ್ನು ಕೇಳಿದಾಗ ಬೆಳಗಿನ ಬಸ್ಸು ತಪ್ಪಿದ ದಿನ ಅಕ್ಕೋರು ಹಾಲಿನ ಗಾಡಿ ಹತ್ತಿ ಬಂದದ್ದು ಗೊತ್ತಾಯಿತು ಅಂದುಕೊಳ್ಳಿ. ಅದನ್ನೇ ಹೇಳಿ. ಸಮಯಪಾಲನೆ ಅನ್ನುವ ಪದವೇ ಬೇಕಾಗುವುದಿಲ್ಲ. "ಬಡ ಮಕ್ಕಳಿಗೆ ಸಹಾಯ" ಅನ್ನುವುದೂ ಹಾಗೆಯೇ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುವುದು ಬ್ಯಾಡಗಿ ಸುತ್ತಮುತ್ತ ಎಲ್ಲರಿಗೂ ಗೊತ್ತಿರುವ ಸಂಗತಿ. ಆಗ ಅಕ್ಕೋರು ಏನು ಮಾಡಿದರು? ಸಹಾಯ ಏನು ಅನ್ನುವುದು ಆ ಉತ್ತರದಲ್ಲಿ ಇರುತ್ತದೆ.

ಒಂದು ಎಚ್ಚರ. ಸಹಾಯ ಪಡೆದ ಮಗುವಿನ ಹೆಸರನ್ನು ಮೈಕಿನಲ್ಲಿ ಹೇಳಬೇಡಿ. ಆ ಮನೆಯವರು ಅಲ್ಲೇ ಕೂತಿರುತ್ತಾರೆ. ನಿಮ್ಮ ಮನೆಯದೇ ಸಂಗತಿಯಾದರೆ, ಮನೆಯವರು ಒಪ್ಪಿದ ಮೇಲೆ ಹೇಳಬಹುದು.

ಅಕ್ಕೋರ ಮಾತು ಅವರ ಭಾಷೆಯಲ್ಲೇ ಇರಲಿ

ಅಕ್ಕೋರು ತರಗತಿಯಲ್ಲಿ ಪುಸ್ತಕದ ಕನ್ನಡ ಆಡುತ್ತಿರಲಿಲ್ಲ. "ತಪ್ಪಾದ್ರ ಆಗ್ಲಿ, ಮೊದ್ಲ ಬರಿ. ತಿದ್ದಾಕ ನಾ ಅದೀನಿ" ಅನ್ನುತ್ತಿದ್ದರು. ಇದನ್ನು "ತಪ್ಪಾದರೂ ಚಿಂತೆಯಿಲ್ಲ, ತಿದ್ದಲು ನಾನಿದ್ದೇನೆ" ಅಂತ ಮಾಡಿದರೆ ಅಕ್ಕೋರ ದನಿಯೇ ಹೋಗುತ್ತದೆ. ಹಾಗಾಗಿ ಅವರ ಮಾತನ್ನು ಇದ್ದಂತೆಯೇ ಇಡಿ. ಉಳಿದದ್ದು ನಿಮ್ಮ ಬರಹದ ಕನ್ನಡದಲ್ಲಿ ಇರಲಿ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ "ಬಂದ್ರು ಮತ್ತು ಬೋಧಿಸಿದರು" ಅಂದರೆ ಕಿವಿಗೆ ಹೊಂದುವುದಿಲ್ಲ. ಪೂರ್ತಿ ಭಾಷಣವನ್ನೇ ನಮ್ಮ ಕಡೆಯ ಮಾತಿನಲ್ಲಿ ಹೇಳುವ ಧೈರ್ಯ ಇದ್ದರೆ ಅದೂ ಬಹಳ ಚಲೋ. ಆಗ ಮೊದಲಿನಿಂದ ಕೊನೆಯವರೆಗೆ ಹಾಗೆಯೇ ಇರಬೇಕು.

ಲಯ

ಕರಡಿನ ನಡುವಿನ ವಾಕ್ಯಗಳ ಕೊನೆಯನ್ನು ಮಾತ್ರ ಓದಿ: ನೋಡಿಕೊಳ್ಳುತ್ತಿದ್ದರು, ತಿದ್ದುತ್ತಿದ್ದೆವು, ಮಾಡುತ್ತಿದ್ದರು, ಮಾಡುತ್ತಿದ್ದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಒಂದೇ ರೂಪ ಮತ್ತೆ ಮತ್ತೆ ಬಂದರೆ ಮಗ್ಗಿ ಹೇಳಿದಂತೆ ಕೇಳಿಸುತ್ತದೆ. ಅದಕ್ಕೆ ಪರಿಹಾರ ಸುಲಭ. ರೂಢಿಯಾಗಿ ನಡೆಯುತ್ತಿದ್ದದ್ದಕ್ಕೆ "ಬರುತ್ತಿದ್ದರು" ಇರಲಿ. ಒಂದು ದಿನ ನಡೆದದ್ದಕ್ಕೆ "ಬಂದರು" ಅನ್ನಿ. ನಡುವೆ ಒಂದು "ಬೈಯಲಿಲ್ಲ" ಬರಲಿ. ಒಂದು ವಾಕ್ಯ ಕ್ರಿಯಾಪದ ಇಲ್ಲದೆಯೇ ನಿಲ್ಲಲಿ.

ಒತ್ತು ಕೊಡಬೇಕಾದ ಪದವನ್ನು ವಾಕ್ಯದ ಕೊನೆಗೆ ತರುವುದೂ ಒಂದು ದಾರಿ. "ನನ್ನ ಅಕ್ಕ ಆ ಕಟ್ಟೆಯ ಮೇಲೆ ಓದಿ ಏಳನೆಯ ತರಗತಿ ಮುಗಿಸಿದಳು" ಅಂದರೆ ಸುದ್ದಿ ಹೇಳಿದ ಹಾಗೆ. "ನನ್ನ ಅಕ್ಕ ಏಳನೆಯ ತರಗತಿ ಮುಗಿಸಿದ್ದು ಆ ಕಟ್ಟೆಯ ಮೇಲೆ" ಅಂದರೆ ಕಟ್ಟೆ ಕಣ್ಣ ಮುಂದೆ ಬರುತ್ತದೆ. ಇಡೀ ಭಾಷಣದಲ್ಲಿ ಇದನ್ನು ಒಮ್ಮೆ ಮಾಡಿ, ಸಾಕು. ಎಲ್ಲ ಕಡೆ ಮಾಡಿದರೆ ನಾಟಕದ ಮಾತಾಗುತ್ತದೆ.

ನಾಲಿಗೆ ತೊಡರುವ ಪದಗಳನ್ನೂ ಈಗಲೇ ಬದಲಿಸಿ. ಚಿರಸ್ಮರಣೀಯ, ಶ್ಲಾಘನೀಯ, ಕೃತಜ್ಞತಾಪೂರ್ವಕ. ಮನೆಯಲ್ಲಿ ಸಲೀಸಾಗಿ ಬರುವ ಪದ, ಗಂಟಲು ಕಟ್ಟಿದಾಗ ಬರುವುದಿಲ್ಲ.

ತಿದ್ದಿದ ಮೇಲೆ

> ಅಧ್ಯಕ್ಷರೇ, ಊರಿನ ಹಿರಿಯರೇ, ಶಾಲೆಯ ಗುರುಗಳೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.
>
> ಒಂದನೆಯ ತರಗತಿಯಲ್ಲಿ ನನಗೆ "ಳ" ಬರೆಯಲು ಬರುತ್ತಿರಲಿಲ್ಲ. ಪಾಟಿ ಮುಚ್ಚಿಕೊಂಡು ಕೂತಿದ್ದೆ. ಅಕ್ಕೋರು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. "ತಪ್ಪಾದ್ರ ಆಗ್ಲಿ, ಮೊದ್ಲ ಬರಿ. ತಿದ್ದಾಕ ನಾ ಅದೀನಿ" ಅಂದರು.
>
> ಅಕ್ಕೋರು ಈ ಶಾಲೆಗೆ ಬಂದು 22 ವರ್ಷವಾಯಿತು. ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಒಂದು ಮಳೆಗಾಲ ಬಸ್ಸು ತಪ್ಪಿತು. ಹಾಲಿನ ಗಾಡಿ ಹತ್ತಿ ಬಂದರು. ಪ್ರಾರ್ಥನೆಯ ಗಂಟೆ ಬಾರಿಸಿದಾಗ ನಮ್ಮ ಮುಂದೆ ನಿಂತಿದ್ದರು. ಸೀರೆಯೆಲ್ಲ ಕೆಸರು.
>
> ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ನಮ್ಮಲ್ಲಿ ಹಲವರು ಶಾಲೆ ಬಿಟ್ಟು ಹೊಲಕ್ಕೆ ಹೋದೆವು. ಅಕ್ಕೋರು ಸಂಜೆ ಮನೆಗೆ ಬಂದರು. ಅಪ್ಪನಿಗೆ ಹೇಳಿದ್ದು ಇಷ್ಟೇ: "ಸಾಲಿ ಬಿಡಿಸಬ್ಯಾಡ್ರಿ. ಸಂಜಿಕ ನಾನ ಕಲಿಸ್ತೀನಿ." ಗುಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕಲಿಸಿದರು. ನನ್ನ ಅಕ್ಕ ಏಳನೆಯ ತರಗತಿ ಮುಗಿಸಿದ್ದು ಆ ಕಟ್ಟೆಯ ಮೇಲೆ.
>
> ಅಕ್ಕೋರೇ, ನೀವು ತಿದ್ದಿದ ಪಾಟಿ ಒಡೆದು ಹೋಗಿದೆ. ನೀವು ತಿದ್ದಿದ ಅಕ್ಷರ ನನ್ನ ಕೈಯಲ್ಲಿ ಹಾಗೇ ಇದೆ. ನಾಳೆಯಿಂದ ನೀವು ಬೆಳಗಿನ ಬಸ್ಸಿಗೆ ಓಡಬೇಕಾಗಿಲ್ಲ. ಆದರೆ ಊರಿನ ಜಾತ್ರೆಗೆ ಬರಬೇಕು, ಮಕ್ಕಳ ಪ್ರತಿಭಾ ಕಾರಂಜಿಗೆ ಬರಬೇಕು. ಮುಂದಿನ ಸಾಲಿನಲ್ಲಿ ನಿಮ್ಮ ಕುರ್ಚಿ ಇರುತ್ತದೆ. ದೇವರು ನಿಮಗೆ ಒಳ್ಳೆಯ ಆರೋಗ್ಯ ಕೊಡಲಿ. ನಮಸ್ಕಾರ.

ಎಲ್ಲ ಗಣ್ಯರ ಹೆಸರನ್ನು ನಿರೂಪಕರು ಆಗಲೇ ಹೇಳಿರುತ್ತಾರೆ, ನೀವು ಮತ್ತೆ ಹೇಳಬೇಕಾಗಿಲ್ಲ. ಆದರೆ ಅಧ್ಯಕ್ಷರನ್ನು ಬಿಡಬೇಡಿ, ಊರಲ್ಲಿ ಅದು ಸಣ್ಣ ಮಾತಲ್ಲ. ಕೊನೆಯಲ್ಲಿ "ನನ್ನ ಎರಡು ಮಾತುಗಳಿಗೆ ವಿರಾಮ" ಇಲ್ಲ ಅನ್ನುವುದನ್ನು ಗಮನಿಸಿ. ನಮಸ್ಕಾರ ಅಂದ ಮೇಲೆ ಮಾತು ಮುಗಿಯಿತು ಅಂತ ಎಲ್ಲರಿಗೂ ತಿಳಿಯುತ್ತದೆ.

"ಸೀರೆಯೆಲ್ಲ ಕೆಸರು" ಅನ್ನುವಲ್ಲಿ ಕ್ರಿಯಾಪದ ಇಲ್ಲ. ಅದು ತಪ್ಪಲ್ಲ, ಕನ್ನಡದಲ್ಲಿ ಹೀಗೆ ಹೇಳುವುದು ಸಹಜ. ಮೂರು ನಾಲ್ಕು "ದರು"ಗಳ ನಂತರ ಅದು ಬಂದಾಗ ಲಯ ಬದಲಾಗುತ್ತದೆ.

ಹಾಳೆಯಲ್ಲಿ ಬರೆಯುವುದು, ಓದುವುದು

ದಪ್ಪ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಬರೆಯಿರಿ. ಉಸಿರು ತೆಗೆದುಕೊಳ್ಳುವ ಕಡೆಗೆ ಸಾಲು ಮುರಿಯಿರಿ. ವಾಕ್ಯ ಒಂದು ಹಾಳೆಯಲ್ಲಿ, ಅದರ ಕ್ರಿಯಾಪದ ಇನ್ನೊಂದು ಹಾಳೆಯಲ್ಲಿ ಬರದಂತೆ ನೋಡಿಕೊಳ್ಳಿ. ಹಾಳೆ ತಿರುವುವಷ್ಟು ಹೊತ್ತು ಸಭೆ ಅರ್ಧ ವಾಕ್ಯದಲ್ಲಿ ನಿಂತಿರುತ್ತದೆ. ಇಷ್ಟು ಚಿಕ್ಕ ಭಾಷಣ ಒಂದೇ ಹಾಳೆಯಲ್ಲಿ ಹಿಡಿಸಬೇಕು.

ಮನೆಯಲ್ಲಿ ನಿಂತುಕೊಂಡು, ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಮೈಕಿನ ಮುಂದೆ ನಿಧಾನವಾಗಿ ಹೇಳುವಾಗ ನಿಮಿಷಕ್ಕೆ ಸುಮಾರು 80ರಿಂದ 90 ಕನ್ನಡ ಪದ ಹೋಗುತ್ತವೆ. ಮೇಲಿನ ಭಾಷಣ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಓದುವಾಗ ಒಂದೇ ಕಡೆ ಎರಡು ಸಲ ತಡವರಿಸಿದರೆ ಅಲ್ಲಿ ನಿಮ್ಮ ನಾಲಿಗೆಯ ತಪ್ಪಲ್ಲ, ವಾಕ್ಯದ ತಪ್ಪು. ಅದನ್ನು ಮುರಿಯಿರಿ. ಗಂಟಲು ಕಟ್ಟುವ ಜಾಗವೂ ಆಗಲೇ ಗೊತ್ತಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು "ಅಕ್ಕೋರೇ" ಅನ್ನುವಲ್ಲಿ. ಅದರ ಹಿಂದೆ ಹಾಳೆಯಲ್ಲಿ ಒಂದು ಗೆರೆ ಎಳೆದು ಬಿಡಿ. ಅಲ್ಲಿ ನಿಲ್ಲಿ, ಉಸಿರು ತೆಗೆದುಕೊಳ್ಳಿ, ಆಮೇಲೆ ಕರೆಯಿರಿ.

ನಿಮಗಿಂತ ಮೊದಲು ಮಾತನಾಡಿದವರು ಹಾಲಿನ ಗಾಡಿಯ ಸಂಗತಿಯನ್ನು ಹೇಳಿಬಿಡಬಹುದು. ಸಣ್ಣ ಊರಲ್ಲಿ ಇದು ಆಗುತ್ತಲೇ ಇರುತ್ತದೆ. ಆಗ ಗಾಬರಿಯಾಗಿ ಹೊಸದನ್ನು ಹುಡುಕಬೇಡಿ. "ಅಕ್ಕೋರು ಈ ಶಾಲೆಗೆ ಬಂದು 22 ವರ್ಷವಾಯಿತು" ಅನ್ನುವ ವಾಕ್ಯ ಉಳಿಸಿಕೊಂಡು, ಬಸ್ಸಿನಿಂದ ಕೆಸರಿನವರೆಗಿನದನ್ನು ಬಿಟ್ಟು ನೇರ ಮೆಣಸಿನಕಾಯಿಗೆ ಹೋಗಿ. ಕೊನೆಯ ಭಾಗದ "ಬೆಳಗಿನ ಬಸ್ಸಿಗೆ ಓಡಬೇಕಾಗಿಲ್ಲ" ಅನ್ನುವುದು ಹಾಗೆಯೇ ಇರಲಿ. ಬಸ್ಸಿನ ಕಥೆ ಸಭೆಗೆ ಆಗಲೇ ಗೊತ್ತಾಗಿರುತ್ತದೆ. ಇದಕ್ಕಾಗಿ ಬಿಡಬಹುದಾದ ಭಾಗಕ್ಕೆ ಹಾಳೆಯ ಅಂಚಿನಲ್ಲಿ ಮೊದಲೇ ಗುರುತು ಹಾಕಿಕೊಂಡು ಹೋಗಿ.